ಕೊಳೆಯೋ ಕೇಬಲ್ಲೋ: ಒಂದು ಮಳೆಗಾಲದ ಆರ್‌ಎಕ್ಸ್ ಲೆಕ್ಕ

ಮಲೆನಾಡಿನ ಅಂಚಿನಲ್ಲಿರುವ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಕಟ್ಟಡಕ್ಕೂ ಊರಾಚೆಯ ಹೊಸ ಆವರಣಕ್ಕೂ ನಡುವೆ 3.1 ಕಿಲೋಮೀಟರ್ ಉದ್ದದ 12 ಎಳೆಗಳ ಫೈಬರ್ ಕೇಬಲ್ ಕಂಬದಿಂದ ಕಂಬಕ್ಕೆ ಹಾದುಹೋಗಿದೆ. ಅದರ ಎರಡು ಎಳೆಗಳ ಮೇಲೆ ಬೆಳಕನ್ನು ಕಳುಹಿಸಿ ಪಡೆಯುವ 10 ಗಿಗಾಬಿಟ್ ಎಲ್‌ಆರ್ ಮಾಡ್ಯೂಲ್‌ಗಳ ಒಂದು ಜೋಡಿ ಕೆಲಸ ಮಾಡುತ್ತದೆ. ಒಂದನೆಯ ಎಳೆಯಲ್ಲಿ ಬೆಳಕು ಹಳೆಯ ಕಟ್ಟಡದಿಂದ ಹೊಸ ಆವರಣಕ್ಕೆ ಹೋಗುತ್ತದೆ, ಎರಡನೆಯದರಲ್ಲಿ ಅಲ್ಲಿಂದ ಇಲ್ಲಿಗೆ ಬರುತ್ತದೆ. ಈ ವರ್ಷದ ಜುಲೈನಲ್ಲಿ ಇದೇ ಕೊಂಡಿ ಎರಡು ಬಾರಿ ಕೆಟ್ಟಿತು. ದೂರು ಎರಡೂ ಸಲ ಒಂದೇ ಆಗಿತ್ತು, "ಇಂಟರ್ನೆಟ್ ನಿಧಾನ". ಕಾರಣ ಮಾತ್ರ ಬೇರೆ ಬೇರೆ. ಮೊದಲನೆಯದು ಬಟ್ಟೆಯ ತುಂಡಿನಿಂದ ಸರಿಹೋಯಿತು, ಎರಡನೆಯದಕ್ಕೆ ಕಂಬ ಹತ್ತಬೇಕಾಯಿತು. ಎರಡನ್ನೂ ಬೇರ್ಪಡಿಸಿದ್ದು ಮಾಡ್ಯೂಲ್ ತಾನೇ ಹೇಳುವ ನಾಲ್ಕಾರು ಅಂಕಿಗಳು.

ಜುಲೈ 8, ಮಧ್ಯಾಹ್ನ

ಹೊಸ ಆವರಣದ ರೂಟರ್‌ನಲ್ಲಿ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಲೇ ಇತ್ತು. ಕೊಂಡಿ ಕಡಿದಿರಲಿಲ್ಲ, ಆದರೆ ಪ್ಯಾಕೆಟ್‌ಗಳು ಹಾಳಾಗಿ ಬರುತ್ತಿದ್ದವು. ಎರಡೂ ತುದಿಗಳಲ್ಲಿ ಲಿನಕ್ಸ್ ನಡೆಸುವ ರೂಟರ್‌ಗಳಿರುವುದರಿಂದ ಮಾಡ್ಯೂಲ್‌ನ ಅಳತೆಗಳನ್ನು ಓದಲು ಒಂದು ಆಜ್ಞೆ ಸಾಕು. ಹೊಸ ಆವರಣದಲ್ಲಿ ಕಂಡದ್ದು ಇದು:

```
# ethtool -m enp1s0f0
Laser bias current                        : 34.120 mA
Laser output power                        : 0.5754 mW / -2.40 dBm
Receiver signal average optical power     : 0.0437 mW / -13.60 dBm
```

ಕೊನೆಯ ಸಾಲು ಈ ತುದಿಗೆ ತಲುಪಿದ ಬೆಳಕು, ಅದೇ ಆರ್‌ಎಕ್ಸ್. ಅದರ ಮೇಲಿನದು ಈ ತುದಿ ಕಳುಹಿಸುವ ಬೆಳಕು, ಟಿಎಕ್ಸ್. ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಬೆಳಕಿನ ಬಲ. ಹಳೆಯ ಕಟ್ಟಡದ ಮಾಡ್ಯೂಲ್ ಕಳುಹಿಸುವುದು -2.1 ಡಿಬಿಎಂ, ಅಲ್ಲಿಗೆ ತಲುಪುತ್ತಿದ್ದುದು -4.9. ದೂರದ ತುದಿ ಕಳುಹಿಸಿದ್ದರಿಂದ ಈ ತುದಿ ಪಡೆದದ್ದನ್ನು ಕಳೆದರೆ ದಾರಿಯಲ್ಲಿ ಎಷ್ಟು ಹೋಯಿತು ಎಂದು ಗೊತ್ತಾಗುತ್ತದೆ. ಎರಡನೆಯ ಎಳೆಯಲ್ಲಿ ನಷ್ಟ 2.5 ಡಿಬಿ, ಒಂದನೆಯದರಲ್ಲಿ 11.5 ಡಿಬಿ. ಡಿಬಿ ಲೆಕ್ಕದಲ್ಲಿ 3 ಕಡಿಮೆಯಾದರೆ ಬೆಳಕು ಅರ್ಧವಾಯಿತು ಎಂದರ್ಥ, 10 ಕಡಿಮೆಯಾದರೆ ಹತ್ತನೆಯ ಒಂದು ಭಾಗ. ಅಂದರೆ ಒಂದನೆಯ ಎಳೆಯಲ್ಲಿ ಸರಿಯಾಗಿ ಬರಬೇಕಾದ ಬೆಳಕಿನ ಎಂಟನೆಯ ಒಂದು ಭಾಗ ಮಾತ್ರ ಬರುತ್ತಿತ್ತು.

"ಸರಿಯಾಗಿ ಬರಬೇಕಾದದ್ದು" ಎಷ್ಟು ಎಂಬುದು ಮೊದಲೇ ಗೊತ್ತಿರಬೇಕು. ಅದನ್ನು ಎರಡು ದಾರಿಗಳಿಂದ ತಿಳಿಯಬಹುದು. ಒಂದು, ಕಾಗದದ ಲೆಕ್ಕ. 1310 ನ್ಯಾನೊಮೀಟರ್ ಬೆಳಕಿಗೆ ಸಾಮಾನ್ಯ ಸಿಂಗಲ್ ಮೋಡ್ ಫೈಬರಿನಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ ನಷ್ಟ ಹಿಡಿದರೆ 3.1 ಕಿಲೋಮೀಟರಿಗೆ 1.1 ಆಗುತ್ತದೆ. ಕನೆಕ್ಟರ್ ಇರುವ ಗಿಡ್ಡ ಫೈಬರ್ ತುಂಡನ್ನು, ಅಂದರೆ ಪಿಗ್‌ಟೇಲನ್ನು, ಕೇಬಲ್ಲಿಗೆ ಸೇರಿಸುವ ಎರಡು ತುದಿಗಳ ಬೆಸುಗೆ ಮತ್ತು ನಡುವಿನ ಒಂದು ಜಾಯಿಂಟ್, ಈ ಮೂರಕ್ಕೂ ತಲಾ 0.1. ಕೇಬಲ್ ಬಂದು ಮುಗಿಯುವ ಎರಡು ಎಲ್‌ಐಯು ಪೆಟ್ಟಿಗೆಗಳಲ್ಲಿ ಕನೆಕ್ಟರ್‌ಗಳು ಕೂಡುವ ಜಾಗಕ್ಕೆ ತಲಾ 0.4. ಒಟ್ಟು 2.2 ಡಿಬಿ. ಇನ್ನೊಂದು ದಾರಿ ಇದಕ್ಕಿಂತ ಬೆಲೆಯುಳ್ಳದ್ದು. ಕೇಬಲ್ ಎಳೆದ ದಿನ ಓದಿದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಎಲ್‌ಐಯು ಬಾಗಿಲಿನ ಒಳಗೆ ಅಂಟಿಸಿದ್ದೆವು. ಹೊಸ ಆವರಣದ ಆರ್‌ಎಕ್ಸ್ -4.6, ಹಳೆಯ ಕಟ್ಟಡದ್ದು -4.9.

ಚೀಟಿ ಏಕೆ ಹೆಚ್ಚು ಬೆಲೆಯುಳ್ಳದ್ದೆಂದರೆ, ಮಾಡ್ಯೂಲ್‌ನ ಅಳತೆ ನಿಖರವಲ್ಲ. ಈ ಅಳತೆಗಳನ್ನು ನಿಗದಿಪಡಿಸಿರುವ ಎಸ್‌ಎಫ್‌ಎಫ್-8472 ಮಾನದಂಡವೇ 3 ಡಿಬಿ ಆಚೀಚೆಯಾಗುವುದಕ್ಕೆ ಅವಕಾಶ ಕೊಟ್ಟಿದೆ. ಒಂದು ಮಾಡ್ಯೂಲ್ -5 ಎಂದದ್ದನ್ನು ಇನ್ನೊಂದು -7 ಎನ್ನಬಹುದು, ಎರಡೂ ಮಾನದಂಡದ ಒಳಗೇ ಇರುತ್ತವೆ. ಆದರೆ ಅದೇ ಮಾಡ್ಯೂಲ್ ನಿನ್ನೆ ಹೇಳಿದ್ದಕ್ಕೂ ಇಂದು ಹೇಳುವುದಕ್ಕೂ ನಡುವಿನ ವ್ಯತ್ಯಾಸವನ್ನು ಬಹಳ ಮಟ್ಟಿಗೆ ನಂಬಬಹುದು. ಅದರ ತಪ್ಪು ಏನೇ ಇದ್ದರೂ ಎರಡು ದಿನವೂ ಹೆಚ್ಚುಕಡಿಮೆ ಅದೇ ತಪ್ಪು. ಹಾಗಾಗಿ ಕಾಗದದ ಲೆಕ್ಕಕ್ಕಿಂತ 1 ಡಿಬಿ ಹೆಚ್ಚು ನಷ್ಟ ಕಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಚೀಟಿಗಿಂತ 1 ಡಿಬಿ ಕೆಳಗಿಳಿದರೆ ಎದ್ದು ನಿಲ್ಲುತ್ತೇನೆ.

ಎಚ್ಚರಿಕೆಯ ಸಂದೇಶ ಏಕೆ ಬರಲಿಲ್ಲ ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ. ಅದಕ್ಕೂ ಉತ್ತರ ಮಾಡ್ಯೂಲ್‌ನಲ್ಲೇ ಇತ್ತು. ಕಡಿಮೆ ಬೆಳಕಿನ ಎಚ್ಚರಿಕೆಯ ಗಡಿಯಾಗಿ ತಯಾರಕರು ಬರೆದಿಟ್ಟದ್ದು -14.4. ಎಲ್‌ಆರ್ ಮಾನದಂಡ ಒಪ್ಪುವ ಕನಿಷ್ಠ ಬೆಳಕೂ ಅಷ್ಟೇ. -13.6 ಇನ್ನೂ ಗಡಿಯ ಒಳಗಿತ್ತು, ಆದ್ದರಿಂದ ಮಾಡ್ಯೂಲ್ ಸುಮ್ಮನಿತ್ತು. ಆದರೆ 3 ಡಿಬಿ ಅನುಮಾನವಿರುವ ಅಳತೆಗೆ 0.8 ಡಿಬಿ ಅಂತರ ಏನೂ ಅಲ್ಲ. ನಿಜವಾಗಿ ಬರುತ್ತಿದ್ದ ಬೆಳಕು ಗಡಿಯ ಕೆಳಗೇ ಇದ್ದಿರಬಹುದು. ಸಿಆರ್‌ಸಿ ದೋಷಗಳು ಅದನ್ನೇ ಹೇಳುತ್ತಿದ್ದವು.

ಈಗ ಯೋಚಿಸಬೇಕಾದದ್ದು ಎಲ್ಲಿ ಹುಡುಕುವುದು ಎಂಬುದನ್ನು. ಮೊದಲ ಸುಳಿವು, ಕೆಟ್ಟಿರುವುದು ಒಂದೇ ದಿಕ್ಕು. ಎರಡು ಎಳೆಗಳೂ ಕೇಬಲ್ಲಿನ ಒಂದೇ ಕೊಳವೆಯೊಳಗೆ ಅಕ್ಕಪಕ್ಕ ಮಲಗಿವೆ. ಮರ ಬಿದ್ದರೆ, ಕಂಬ ವಾಲಿದರೆ, ಒಂದನ್ನು ಹಿಂಡಿ ಇನ್ನೊಂದನ್ನು ಮುಟ್ಟದೆ ಬಿಡುವುದು ಅಪರೂಪ. ಎರಡನೆಯ ಸುಳಿವು, ಕೆಟ್ಟ ಹೊತ್ತು. ಎರಡೂ ರೂಟರ್‌ಗಳಲ್ಲಿ ನಿಮಿಷಕ್ಕೊಮ್ಮೆ ಆರ್‌ಎಕ್ಸ್ ಅಂಕಿಯನ್ನು ಕಡತಕ್ಕೆ ಬರೆಯುವ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ:

```
while true; do
  echo "$(date '+%F %T') $(ethtool -m enp1s0f0 | grep 'Receiver signal average')" >> /var/log/rx.log
  sleep 60
done
```

ಆ ಕಡತದಲ್ಲಿ ಬೆಳಿಗ್ಗೆ 11.38ರವರೆಗೆ -4.6, ಕೆಲವೊಮ್ಮೆ -4.7. ಆಮೇಲೆ ಒಂಬತ್ತು ನಿಮಿಷ ಬೆಳಕೇ ಇಲ್ಲ. 11.47ರಿಂದ -13.6, ಅಲುಗಾಡದ -13.6. ಬೆಟ್ಟದ ಅಂಚಿನಿಂದ ಬಿದ್ದು ಬುಡದಲ್ಲಿ ಸಮತಟ್ಟಾದಂತೆ. ಆ ಒಂಬತ್ತು ನಿಮಿಷಗಳಲ್ಲಿ ಯಾರೋ ಕನೆಕ್ಟರ್ ಕಿತ್ತು ಮತ್ತೆ ಸಿಕ್ಕಿಸಿದ್ದಾರೆ. ವಿಚಾರಿಸಿದಾಗ ಹೊಸ ಆವರಣದಲ್ಲಿ ಯುಪಿಎಸ್ ಬದಲಿಸಲು ಬಂದವರು ರ‍್ಯಾಕನ್ನು ಮುಂದಕ್ಕೆ ಎಳೆಯಲು ಮಾಡ್ಯೂಲನ್ನು ಎಲ್‌ಐಯುಗೆ ಜೋಡಿಸುವ ಪ್ಯಾಚ್ ಕಾರ್ಡ್ ಬಿಚ್ಚಿದ್ದರೆಂದು ತಿಳಿಯಿತು. ಮುಚ್ಚಳ ಹಾಕಿರಲಿಲ್ಲ.

ಇಲ್ಲಿ ಟಿಎಕ್ಸ್ ಅಂಕಿಯ ಬಗ್ಗೆ ಒಂದು ಮಾತು. ಹಳೆಯ ಕಟ್ಟಡದ ಮಾಡ್ಯೂಲ್ -2.1 ಕಳುಹಿಸುತ್ತಿದ್ದೇನೆ ಎನ್ನುತ್ತಿತ್ತು. ಇದನ್ನು ನೋಡಿ "ಆ ತುದಿ ಸ್ವಚ್ಛವಾಗಿದೆ" ಎಂದುಕೊಳ್ಳುವವರನ್ನು ಕಂಡಿದ್ದೇನೆ. ಹಾಗಲ್ಲ. ಮಾಡ್ಯೂಲ್ ತನ್ನ ಟಿಎಕ್ಸ್ ಅಂಕಿಯನ್ನು ತಿಳಿಯುವುದು ಒಳಗೆ ಲೇಸರ್ ಪಕ್ಕದಲ್ಲಿರುವ ಒಂದು ಸಣ್ಣ ಬೆಳಕು ಗ್ರಾಹಕದಿಂದ. ಬೆಳಕು ಹೊರಗೆ ಫೈಬರಿಗೆ ಇಳಿಯಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಪ್ಯಾಚ್ ಕಾರ್ಡನ್ನು ಪೂರ್ತಿ ಕಿತ್ತರೂ ಟಿಎಕ್ಸ್ -2.1 ಎಂದೇ ತೋರಿಸುತ್ತದೆ. ಆ ಅಂಕಿ, ಅದರ ಜೊತೆಯ ಬಯಸ್ ಕರೆಂಟ್, ಇವು ಲೇಸರಿನ ಆರೋಗ್ಯವನ್ನು ಮಾತ್ರ ಹೇಳುತ್ತವೆ. ಲೇಸರ್ ಮುದಿಯಾದಾಗ ಅದೇ ಬೆಳಕು ಕೊಡಲು ಹೆಚ್ಚು ಕರೆಂಟ್ ಬೇಕಾಗುತ್ತದೆ. ಟಿಎಕ್ಸ್ ನಿಂತಲ್ಲೇ ಇದ್ದು ಬಯಸ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮಾಡ್ಯೂಲ್ ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ನಮ್ಮ ಎರಡೂ ಮಾಡ್ಯೂಲ್‌ಗಳ ಬಯಸ್ ವರ್ಷದಿಂದ ಬದಲಾಗಿರಲಿಲ್ಲ.

ಒರೆಸುವುದು, ಓದುವುದು, ಮತ್ತೆ ಒರೆಸುವುದು

ಹೊಸ ಆವರಣಕ್ಕೆ ಬೈಕಿನಲ್ಲಿ ಹೋದೆವು. ನನ್ನ ಚೀಲದಲ್ಲಿ ಎಲ್‌ಸಿ ಮತ್ತು ಎಸ್‌ಸಿ ಕನೆಕ್ಟರ್‌ಗಳಿಗೆ ಒಂದೊಂದು ಕ್ಲಿಕ್ ಕ್ಲೀನರ್, ನೂಲು ಬಿಡದ ಒರೆಸು ಹಾಳೆಗಳು, 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್, ತೆಳು ಕಡ್ಡಿಗಳು, ಮತ್ತು ಕ್ಯಾಮೆರಾ ಇರುವ ಫೈಬರ್ ಮೈಕ್ರೋಸ್ಕೋಪ್. ಕಣ್ಣಿಟ್ಟು ನೋಡುವ ಮೈಕ್ರೋಸ್ಕೋಪನ್ನು ಬೆಳಕು ಹರಿಯುತ್ತಿರುವ ಎಳೆಯ ಮೇಲೆ ಯಾರೂ ಬಳಸಬಾರದು. 1310 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಮಸೂರ ಅದನ್ನು ಒಂದೇ ಬಿಂದುವಿಗೆ ಕೂಡಿಸಿ ರೆಟಿನಾದ ಮೇಲೆ ಬಿಡುತ್ತದೆ.

ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಂದು ಸಲಕ್ಕೆ ಒಂದೇ ಮುಖ ಒರೆಸಬೇಕು, ಸಿಕ್ಕಿಸಿ ಆರ್‌ಎಕ್ಸ್ ಓದಬೇಕು, ಬರೆದುಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಒರೆಸಿದರೆ ಕೊಂಡಿ ಸರಿಹೋದೀತು, ಆದರೆ ಕೊಳೆ ಎಲ್ಲಿತ್ತು, ಇನ್ನೂ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ.

ಮಾಡ್ಯೂಲ್‌ಗೆ ಸಿಕ್ಕಿಸಿದ್ದ ಎಲ್‌ಸಿ ತುದಿ ಪರದೆಯ ಮೇಲೆ ಸ್ವಚ್ಛವಾಗಿ ಕಂಡಿತು. ಎಲ್‌ಐಯು ಕಡೆಯ ಎಸ್‌ಸಿ ತುದಿಯಲ್ಲಿ ಬೆರಳಿನ ಎಣ್ಣೆಯ ಕಲೆ ನಡುವಿಗೆ ಬಂದು ನಿಂತಿತ್ತು, ಅದರ ಮೇಲೆ ಸಿಮೆಂಟಿನ ಧೂಳಿನಂಥ ಕಣಗಳು. ಬೆಳಕು ಹರಿಯುವ ತಿರುಳು 9 ಮೈಕ್ರಾನ್ ಅಗಲ. ಕೂದಲು ಅದಕ್ಕಿಂತ ಏಳೆಂಟು ಪಟ್ಟು ದಪ್ಪ. ಬರಿಗಣ್ಣಿಗೆ ಕಾಣದ ಒಂದು ಕಣ ನಡುವಿನಲ್ಲಿ ಕುಳಿತರೆ ದಾರಿ ಮುಚ್ಚಿದಂತೆಯೇ. ಅದೇ ಕಣ ಅಂಚಿನಲ್ಲಿದ್ದರೆ ನೇರವಾಗಿ ಬೆಳಕನ್ನು ತಡೆಯುವುದಿಲ್ಲ, ಆದರೆ ಎರಡು ಗಾಜುಗಳು ಒಂದಕ್ಕೊಂದು ತಾಗದಂತೆ ಎತ್ತಿ ಹಿಡಿದು ನಡುವೆ ಗಾಳಿಯ ಸೀಳು ಉಳಿಸುತ್ತದೆ.

ಕ್ಲಿಕ್ ಕ್ಲೀನರನ್ನು ಒತ್ತಿ ಒಮ್ಮೆ ಒರೆಸಿ ಸಿಕ್ಕಿಸಿದೆ. -9.8. ಧೂಳು ಹೋಗಿತ್ತು, ಎಣ್ಣೆ ಹೋಗಿರಲಿಲ್ಲ. ಪರದೆಯ ಮೇಲೆ ಅದು ಕಾಮನಬಿಲ್ಲಿನಂತೆ ಹರಡಿಕೊಂಡಿತ್ತು. ಒಣ ಬಟ್ಟೆ ಎಣ್ಣೆಯನ್ನು ಸವರುತ್ತದೆಯೇ ಹೊರತು ತೆಗೆಯುವುದಿಲ್ಲ. ಒರೆಸು ಹಾಳೆಯ ಒಂದು ಮೂಲೆಯನ್ನು ಒಂದು ಹನಿ ಆಲ್ಕೋಹಾಲಿನಲ್ಲಿ ನೆನೆಸಿ, ಕನೆಕ್ಟರ್ ತುದಿಯನ್ನು ನೆನೆದ ಜಾಗದಿಂದ ಒಣ ಜಾಗದ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆದೆ. -6.9. ಪರದೆಯ ಮೇಲೆ ಆ ಮುಖ ಈಗ ನಿರ್ಮಲ.

ಇನ್ನೂ 2.3 ಡಿಬಿ ಎಲ್ಲಿಗೆ ಹೋಯಿತು? ಹುಡುಗ ಮತ್ತೆ ಅದೇ ಮುಖ ಒರೆಸಲು ಕೈ ಚಾಚಿದ. ಬೇಡ ಎಂದೆ. ಒಂದು ಕೂಡುವಿಕೆಯಲ್ಲಿ ಮುಖಗಳು ಎರಡು. ಕೊಳೆಯ ತುದಿಯನ್ನು ಅಡಾಪ್ಟರಿಗೆ ಸಿಕ್ಕಿಸಿದಾಗ ಕೊಳೆಯ ಅರ್ಧ ಒಳಗಿನ ಪಿಗ್‌ಟೇಲ್ ಮುಖಕ್ಕೆ ಅಂಟಿರುತ್ತದೆ. ಎಲ್‌ಐಯು ಒಳಗಿನ ಆ ಮುಖ ಕೈಗೆ ಸಿಗುವುದಿಲ್ಲವಾದ್ದರಿಂದ ಎಲ್ಲರೂ ಅದನ್ನು ಮರೆಯುತ್ತಾರೆ. ಅಡಾಪ್ಟರಿನ ತೂತಿನ ಮೂಲಕ ಮೊದಲು ಆಲ್ಕೋಹಾಲ್ ತಾಗಿಸಿದ ಕಡ್ಡಿ, ಆಮೇಲೆ ಒಣ ಕಡ್ಡಿ, ಕೊನೆಗೆ ಒಂದು ಕ್ಲಿಕ್. ಸಿಕ್ಕಿಸಿದಾಗ -4.7. ಸಿಆರ್‌ಸಿ ಎಣಿಕೆ ನಿಂತುಹೋಯಿತು.

ಕೊಳೆಯ ಗುರುತು ಇದು: ಮುಟ್ಟಿದ ಹೊತ್ತಿಗೆ ಸರಿಯಾಗಿ ಬೀಳುತ್ತದೆ, ಬಿದ್ದ ಮೇಲೆ ಅಲುಗುವುದಿಲ್ಲ, ಪ್ರತಿ ಒರೆಸುವಿಕೆಗೂ ಉತ್ತರ ಕೊಡುತ್ತದೆ. ಇದರಲ್ಲಿ ಒಂದು ವಿನಾಯಿತಿಯಿದೆ. ಪೂರ್ತಿ ಕೂಡದೆ ಅರ್ಧ ಸಿಕ್ಕಿರುವ ಕನೆಕ್ಟರ್ ಕೂಡ ಮುಟ್ಟಿದ ಹೊತ್ತಿಗೇ ಕೆಡುತ್ತದೆ, ಆದರೆ ಅದರ ಅಂಕಿ ರ‍್ಯಾಕಿನ ಬಾಗಿಲು ಮುಚ್ಚಿದರೂ ಅಲುಗುತ್ತದೆ. ಪ್ಲಗ್ಗನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಓದಿದರೆ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ, ಕೊಳೆಯ ಮುಖವನ್ನು ನೋಡದೆ ಮತ್ತೆ ಮತ್ತೆ ಸಿಕ್ಕಿಸಿ ತೆಗೆದು ಮಾಡಬಾರದು. ಸ್ಪ್ರಿಂಗ್ ಒತ್ತಡಕ್ಕೆ ಗಟ್ಟಿ ಕಣ ಗಾಜಿನೊಳಗೆ ಹೂತುಕೊಳ್ಳುತ್ತದೆ. ಆಮೇಲೆ ಯಾವ ಆಲ್ಕೋಹಾಲೂ ಕೆಲಸಕ್ಕೆ ಬಾರದು, ಪ್ಯಾಚ್ ಕಾರ್ಡ್ ಬದಲಿಸಬೇಕು, ಹಾಳಾದದ್ದು ಪಿಗ್‌ಟೇಲ್ ಆಗಿದ್ದರೆ ಹೊಸದಾಗಿ ಬೆಸೆಯಬೇಕು. ಕೈ ತೊಳೆಯುವ ಸ್ಯಾನಿಟೈಸರ್ ಕೂಡ ಬೇಡ. ಅದರ ಜೆಲ್ಲೂ ನೀರೂ ಒಣಗಿದ ಮೇಲೆ ಪೊರೆಯಾಗಿ ಉಳಿಯುತ್ತವೆ.

ಜುಲೈ 24

ಹಿಂದಿನ ರಾತ್ರಿ ಗಾಳಿ ಸಹಿತ ಮಳೆ ಸುರಿದಿತ್ತು. ಬೆಳಿಗ್ಗೆ ಕೊಂಡಿ ನಡೆಯುತ್ತಲೇ ಇತ್ತು, ದೋಷಗಳೂ ಇರಲಿಲ್ಲ. ಆದರೆ ಚೀಟಿಯಲ್ಲಿ -4.6 ಇರುವ ಕಡೆ -6.5 ಕಂಡಿತು. ಹತ್ತು ಗಂಟೆಯ ಹೊತ್ತಿಗೆ -7.3, ಅರ್ಧ ಗಂಟೆಯಲ್ಲಿ ಮತ್ತೆ -6.6. ಸಂಜೆ ಗಾಳಿ ಎದ್ದಾಗ -8.1. ಆ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಸಿಆರ್‌ಸಿ ದೋಷವೂ ಬಿತ್ತು. -8.1ರಲ್ಲಿ ದೋಷ ಬೀಳಬಾರದು. ಆದರೆ ಮಾಡ್ಯೂಲ್ ತೋರಿಸುವುದು ಸರಾಸರಿ ಬೆಳಕು, ನಾನು ಓದುವುದು ನಿಮಿಷಕ್ಕೊಮ್ಮೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕು ಕುಸಿದು ಮೇಲೆದ್ದರೆ ಈ ಅಂಕಿಯಲ್ಲಿ ಕಾಣುವುದಿಲ್ಲ. ದೋಷಗಳ ಎಣಿಕೆಯನ್ನೂ ಆರ್‌ಎಕ್ಸ್ ಅಂಕಿಯನ್ನೂ ಒಟ್ಟಿಗೆ ನೋಡಬೇಕಾದದ್ದು ಇದಕ್ಕೇ.

ಎರಡನೆಯ ಎಳೆಯ ಕಡತ ತೆರೆದೆ. ಅದೂ -4.9ರಿಂದ -5.7ಕ್ಕೆ ಇಳಿದಿತ್ತು, ಗಾಳಿಯ ಹೊತ್ತಿಗೆ -6.6. ಎರಡು ಎಳೆಗಳ ಇಳಿತದ ಪ್ರಮಾಣ ಬೇರೆ, ಏರಿಳಿತದ ಗಳಿಗೆಗಳು ಒಂದೇ. ಇಲ್ಲಿ ಒಂದು ಎತ್ತು ಎಳೆದರೆ ಇನ್ನೊಂದೂ ಅದೇ ಹೊತ್ತಿಗೆ ಹೆಜ್ಜೆ ಹಾಕುತ್ತಿತ್ತು. ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಇರುವ ಎರಡು ಆರ್‌ಎಕ್ಸ್‌ಗಳು ಒಂದೇ ನಿಮಿಷದಲ್ಲಿ ಅಲುಗಿದರೆ ಅವುಗಳ ನಡುವೆ ಹಂಚಿಕೊಂಡ ವಸ್ತು ಕೇಬಲ್ ಒಂದೇ. ಟಿಎಕ್ಸ್ ಮತ್ತು ಬಯಸ್ ಎರಡೂ ತುದಿಗಳಲ್ಲಿ ಮೊದಲಿನಂತೆಯೇ ಇದ್ದವು, ಆದ್ದರಿಂದ ಲೇಸರ್ ಮೇಲೆ ಅನುಮಾನವಿರಲಿಲ್ಲ. ಎರಡೂ ಕೊಠಡಿಗಳ ಬೀಗ ಎರಡು ವಾರದಿಂದ ತೆರೆದಿರಲಿಲ್ಲ.

ಆದರೂ ಒರೆಸಿ ನೋಡಿದೆ. ಕೇಬಲ್ ಕೆಟ್ಟಿದೆ ಎಂದು ಹೇಳಿದರೆ ಹೊರಗಿನ ಕೆಲಸದವರನ್ನು ಕರೆಸಬೇಕು, ಹಣ ಕೇಳಬೇಕು. ಅವರು ಬಂದು ಮೊದಲು ಮಾಡುವುದೂ ಒರೆಸುವ ಕೆಲಸವೇ. ಗಾಳಿ ನಿಂತ ಹೊತ್ತು ನೋಡಿಕೊಂಡು ಎರಡೂ ತುದಿಗಳ ಎಲ್ಲ ಮುಖಗಳನ್ನೂ ಒಂದೊಂದಾಗಿ ಒರೆಸಿ ಓದಿದೆ. ಒರೆಸುವ ಮೊದಲು -6.5, ಕೊನೆಯ ಮುಖದ ನಂತರ -6.4. ಒಂದೇ ಕನೆಕ್ಟರನ್ನು ಕಿತ್ತು ಮತ್ತೆ ಸಿಕ್ಕಿಸಿದರೂ 0.1, 0.2 ಬದಲಾಗುವುದುಂಟು, ಆದ್ದರಿಂದ ಇದು ಉತ್ತರವೇ ಅಲ್ಲ. ಪರದೆಯ ಮೇಲೆ ಎಲ್ಲ ಮುಖಗಳೂ ಸ್ವಚ್ಛ. ಖಾಲಿಯಿದ್ದ ಐದು ಮತ್ತು ಆರನೆಯ ಎಳೆಗಳಿಗೆ ಕೊಂಡಿಯನ್ನು ಬದಲಿಸಿಯೂ ನೋಡಿದೆ. ಅಲ್ಲಿಯೂ ಇರಬೇಕಾದ್ದಕ್ಕಿಂತ 1 ಡಿಬಿಗೂ ಹೆಚ್ಚು ನಷ್ಟ, ಅಲ್ಲಿಯೂ ಅದೇ ತೂಗಾಟ. ಕೊಂಡಿಯನ್ನು ಮತ್ತೆ ಮೊದಲಿನ ಎಳೆಗಳಿಗೇ ತಂದೆ.

ಎರಡು ಬಣ್ಣಗಳ ಪರೀಕ್ಷೆ

ಕೇಬಲ್ಲಿನಲ್ಲಿ ಏನೋ ಆಗಿದೆ, ಆದರೆ ಏನು? ಫೈಬರ್ ಬಾಗಿದೆಯೋ, ಬೆಸುಗೆ ಬಿರುಕು ಬಿಟ್ಟಿದೆಯೋ? ಇದನ್ನು ಹೇಳಬಲ್ಲ ಒಂದು ಗುಣ ಫೈಬರಿಗಿದೆ. ಬಿಗಿಯಾಗಿ ಬಾಗಿದ ಜಾಗದಲ್ಲಿ ಬೆಳಕು ಪಕ್ಕಕ್ಕೆ ಸೋರುತ್ತದೆ, ಮತ್ತು ತರಂಗ ಉದ್ದವಾದಷ್ಟೂ ಹೆಚ್ಚು ಸೋರುತ್ತದೆ. ಸ್ವಸ್ಥ ಫೈಬರಿನಲ್ಲಿ 1310ಕ್ಕಿಂತ 1490 ಮತ್ತು 1550 ನ್ಯಾನೊಮೀಟರ್ ಬೆಳಕಿಗೇ ನಷ್ಟ ಕಡಿಮೆ. ಬಾಗಿದ ಫೈಬರಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕೊಳೆಗೆ ಈ ಭೇದವಿಲ್ಲ, ಅದು ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ತಡೆಯುತ್ತದೆ.

ಎರಡು ತರಂಗಗಳ ಬೆಳಕಿನ ಮೂಲ ಮತ್ತು ಪವರ್ ಮೀಟರ್ ಇದ್ದರೆ ಇದು ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಇರಲಿಲ್ಲ. ಆದರೆ ಮೇಜಿನ ಖಾನೆಯಲ್ಲಿ 1 ಗಿಗಾಬಿಟ್ ಬೈಡೈ ಮಾಡ್ಯೂಲ್‌ಗಳ ಒಂದು ಹಳೆಯ ಜೋಡಿ ಇತ್ತು, ಬೆಳಕಿನ ಅಳತೆ ತೋರಿಸುವಂಥದ್ದು. ಇವು ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಮಾತಾಡುತ್ತವೆ. ಒಂದು 1310ರಲ್ಲಿ ಕಳುಹಿಸಿದರೆ ಇನ್ನೊಂದು 1490ರಲ್ಲಿ. ಅಂದರೆ ಒಂದೇ ಎಳೆಯನ್ನು ಎರಡು ತರಂಗಗಳಲ್ಲಿ ಅಳೆಯುವ ಸಾಧನ ನಮ್ಮ ಕೈಯಲ್ಲೇ ಇತ್ತು.

ಆ 3 ಡಿಬಿ ಅನುಮಾನವನ್ನು ಮೊದಲು ಕಳೆಯಬೇಕಿತ್ತು. ಎರಡು ಹಳೆಯ ಸ್ವಿಚ್‌ಗಳನ್ನು ಮೇಜಿನ ಮೇಲಿಟ್ಟು, ಮಾಡ್ಯೂಲ್‌ಗಳ ನಡುವೆ ಒಂದು ಸ್ವಚ್ಛ ಪ್ಯಾಚ್ ಕಾರ್ಡ್ ಮಾತ್ರ ಹಾಕಿ ಓದಿದೆ. 1310ರ ದಿಕ್ಕಿನಲ್ಲಿ ಕಳುಹಿಸಿದ್ದು -6.0, ತಲುಪಿದ್ದು -6.4, ನಷ್ಟ 0.4. 1490ರ ದಿಕ್ಕಿನಲ್ಲಿ ಕಳುಹಿಸಿದ್ದು -5.8, ತಲುಪಿದ್ದು -5.5. ಕಳುಹಿಸಿದ್ದಕ್ಕಿಂತ ಹೆಚ್ಚು ಬೆಳಕು ತಲುಪಿದಂತೆ! ಬೆಳಕು ದಾರಿಯಲ್ಲಿ ಹುಟ್ಟುವುದಿಲ್ಲ, ಇದು ಅಳತೆಯ ತಪ್ಪು. ಆದರೆ ಎಷ್ಟು ತಪ್ಪೆಂದು ಈಗ ಗೊತ್ತಾಯಿತು, ಗೊತ್ತಾದ ತಪ್ಪನ್ನು ಕಳೆಯಬಹುದು. ಇಂಥ ಗಿಡ್ಡ ಪ್ಯಾಚ್ ಕಾರ್ಡ್ ಪರೀಕ್ಷೆಯನ್ನು ದೂರದ ಓಟಕ್ಕೆ ಮಾಡಿದ 40, 80 ಕಿಲೋಮೀಟರ್ ಮಾಡ್ಯೂಲ್‌ಗಳಲ್ಲಿ ಮಾಡಬಾರದು. ಅವುಗಳ ಬೆಳಕು ಗ್ರಾಹಕವನ್ನೇ ಸುಟ್ಟೀತು. ನನ್ನವು 10 ಕಿಲೋಮೀಟರಿನವು.

ಮರುದಿನ ರಾತ್ರಿ ಹನ್ನೊಂದಕ್ಕೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಕೊಂಡಿಯನ್ನು ನಿಲ್ಲಿಸಿ ಬೈಡೈ ಜೋಡಿಯನ್ನು ಒಂದನೆಯ ಎಳೆಗೆ ಹಾಕಿದೆವು. ಹುಡುಗ ಹೊಸ ಆವರಣದಲ್ಲಿ, ನಾನು ಇಲ್ಲಿ, ಫೋನಿನಲ್ಲಿ ಅಂಕಿಗಳ ವಿನಿಮಯ. 1310ರಲ್ಲಿ ತಲುಪಿದ್ದು -10.7, ಅಂದರೆ 4.7 ನಷ್ಟ, ಮೇಜಿನ ತಪ್ಪು ಕಳೆದರೆ 4.3. ಇದು ಎಲ್‌ಆರ್ ಮಾಡ್ಯೂಲ್‌ಗಳು ತೋರಿಸುತ್ತಿದ್ದ 4.4ರ ಪಕ್ಕದಲ್ಲೇ ಇದೆ. 1490ರಲ್ಲಿ ತಲುಪಿದ್ದು -13.3, ನಷ್ಟ 7.5, ತಪ್ಪು ಸರಿಪಡಿಸಿದರೆ 7.8.

"ಸರ್, ದೊಡ್ಡ ತರಂಗಕ್ಕೆ ನಷ್ಟ ಕಡಿಮೆ ಇರಬೇಕಲ್ಲವೇ?" ಎಂದು ಆ ಕಡೆಯಿಂದ ಕೇಳಿದ.

ಇರಬೇಕಿತ್ತು. 1490ಕ್ಕೆ ನಮ್ಮ ಕೇಬಲ್ಲಿನಲ್ಲಿ ಸುಮಾರು 2 ಡಿಬಿ ನಷ್ಟ ಸಾಕು. ಇಲ್ಲಿ ಸುಮಾರು 6 ಡಿಬಿ ಹೆಚ್ಚು ಸೋರಿದೆ, 1310ರಲ್ಲಿ ಸೋರಿದ್ದು 2ರ ಒಳಗೆ. ಎಲ್ಲೋ ಫೈಬರ್ ಬಿಗಿಯಾಗಿ ಬಾಗಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ವ್ಯತ್ಯಾಸ 1 ಡಿಬಿ ಮಾತ್ರ ಇದ್ದಿದ್ದರೆ ಈ ಪರೀಕ್ಷೆಯ ಮಾತನ್ನು ನಾನು ನಂಬುತ್ತಿರಲಿಲ್ಲ. ಮೇಜಿನ ಮೇಲೆ ತಪ್ಪು ಕಳೆದ ಮೇಲೂ ಇದು ಒರಟು ಅಳತೆಯೇ.

2.01 ಕಿಲೋಮೀಟರ್

ಮಾಡ್ಯೂಲ್‌ನ ಅಂಕಿ ಎಷ್ಟು ಹೋಯಿತೆಂದು ಹೇಳುತ್ತದೆ, ಎಲ್ಲಿ ಹೋಯಿತೆಂದು ಹೇಳಲಾರದು. ಅದಕ್ಕೆ ಫೈಬರಿನೊಳಗೆ ಬೆಳಕಿನ ಮಿಡಿತ ಬಿಟ್ಟು, ಹಿಂದಿರುಗುವ ಬೆಳಕಿನಿಂದ ನಷ್ಟದ ಜಾಗ ಹೇಳುವ ಓಟಿಡಿಆರ್ ಯಂತ್ರ ಬೇಕು. 27ರಂದು ಬೆಸುಗೆ ಕೆಲಸದವರು ಯಂತ್ರದೊಂದಿಗೆ ಬಂದರು. ಯಂತ್ರದ ಕಣ್ಣಿಗೆ ಮೊದಲ ಕೆಲವು ಮೀಟರ್‌ಗಳು ಕುರುಡು. ಆ ಕುರುಡಿನಲ್ಲಿ ನಮ್ಮ ಎಲ್‌ಐಯು ಕನೆಕ್ಟರ್ ಮರೆಯಾಗದಂತೆ ನಡುವೆ 500 ಮೀಟರ್ ಫೈಬರಿನ ಒಂದು ಸುರುಳಿ ಹಾಕಿದರು. ಪರದೆಯ ಗೆರೆಯಲ್ಲಿ ಎಲ್‌ಐಯು ಕನೆಕ್ಟರ್ ಇರುವಲ್ಲಿ ಸಣ್ಣದೊಂದು ಮೊಳೆಯಂಥ ಏರು, ಅಲ್ಲಿ ನಷ್ಟ 0.3 ಮಾತ್ರ. ಆಮೇಲೆ ನೇರ ಇಳಿಜಾರು. ಎಲ್‌ಐಯುವಿನಿಂದ 2.01 ಕಿಲೋಮೀಟರ್ ದೂರದಲ್ಲಿ ಗೆರೆ ಮೆಟ್ಟಿಲಿನಂತೆ ಕೆಳಗಿಳಿದಿತ್ತು, ಮೊಳೆಯಿರಲಿಲ್ಲ. 1310ರಲ್ಲಿ ಆ ಮೆಟ್ಟಿಲು 1.8 ಡಿಬಿ, 1550ರಲ್ಲಿ 8.6.

ಮೊಳೆಯಿಲ್ಲದ ಮೆಟ್ಟಿಲು ನೋಡಿ ಹಿರಿಯ ಕೆಲಸಗಾರರು, "ಇದು ಕನೆಕ್ಟರ್ ಅಲ್ಲ, ಬಿರುಕೂ ಅಲ್ಲ, ಮಡಿಕೆ" ಎಂದರು. ಕೊಳೆಯ ಕನೆಕ್ಟರಿನಲ್ಲಿ ಗಾಜಿಗೂ ಗಾಳಿಗೂ ನಡುವೆ ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ, ಆದ್ದರಿಂದ ಅಲ್ಲಿ ಮೊಳೆ ಎದ್ದು ಕಾಣುತ್ತದೆ. ಬಾಗಿದಲ್ಲಿ ಬೆಳಕು ಪಕ್ಕಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

2 ಕಿಲೋಮೀಟರ್ ಎಂದರೆ ಮೊದಲ ಡ್ರಮ್ಮಿನ ಕೇಬಲ್ ಮುಗಿದು ಎರಡನೆಯದು ಶುರುವಾಗುವ ಜಾಯಿಂಟ್. ಅಡಿಕೆ ತೋಟದ ಅಂಚಿನ ಕಂಬದ ಮೇಲೆ ಅದರ ಡಬ್ಬಿ ಇದೆ. ಹೋಗಿ ನೋಡಿದರೆ ಪಕ್ಕದ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಕೇಬಲ್ಲಿನ ಮೇಲೆ ಜೋತುಬಿದ್ದಿತ್ತು. ಕೇಬಲ್ ತುಂಡಾಗಿರಲಿಲ್ಲ, ಹೊರ ಕವಚಕ್ಕೂ ಏನೂ ಆಗಿರಲಿಲ್ಲ. ಕೊಂಬೆಯ ಭಾರಕ್ಕೆ ಕೇಬಲ್ ಡಬ್ಬಿಯಿಂದ ನಾಲ್ಕು ಸೆಂಟಿಮೀಟರ್ ಹೊರಗೆ ಜಾರಿತ್ತು. ಒಳಗೆ ಕೇಬಲ್ಲಿನ ನಡುಗಡ್ಡಿಯನ್ನು ಹಿಡಿದಿರಬೇಕಾದ ಸ್ಕ್ರೂ ಸಡಿಲವಾಗಿತ್ತು. ಜಾರಿದ ಕೇಬಲ್ ತನ್ನೊಂದಿಗೆ ಕೊಳವೆಯನ್ನೂ ಎಳೆದಿತ್ತು, ಕೊಳವೆ ಎಳೆಗಳನ್ನು ಎಳೆದಿತ್ತು. ಬೆಸುಗೆ ತಟ್ಟೆಯಲ್ಲಿ ಅಗಲವಾಗಿ ಸುತ್ತಿಟ್ಟಿದ್ದ ಎಳೆಗಳು ತಟ್ಟೆಯ ಮೂಲೆಗೆ ಬಿಗಿಯಾಗಿ ಮಡಚಿಕೊಂಡಿದ್ದವು. ಒಂದನೆಯ ಎಳೆ ಎಲ್ಲಕ್ಕಿಂತ ಒಳಗಿನ ಸುತ್ತಿನಲ್ಲಿತ್ತು, ಅದರ ಮಡಿಕೆಯೇ ಎಲ್ಲಕ್ಕಿಂತ ಬಿಗಿ. ಗಾಳಿಗೆ ಕೊಂಬೆ ತೂಗಿದಾಗಲೆಲ್ಲ ಮಡಿಕೆ ಬಿಗಿಯಾಗಿ ಸಡಿಲವಾಗುತ್ತಿತ್ತು. ನನ್ನ ಕಡತದಲ್ಲಿ ಏರಿಳಿಯುತ್ತಿದ್ದುದು ಆ ಕೊಂಬೆ.

ಕೊಂಬೆ ಕಡಿದು ಇಳಿಸಿದರು. ಕೇಬಲ್ಲನ್ನು ಡಬ್ಬಿಯೊಳಕ್ಕೆ ತಳ್ಳಿ ನಡುಗಡ್ಡಿಯ ಸ್ಕ್ರೂ ಬಿಗಿದರು, ಕಂಬದಲ್ಲಿ ಕೇಬಲ್ ಹಿಡಿಕೆಯನ್ನು ಹೊಸದಾಗಿ ಕಟ್ಟಿದರು. ಎಳೆಗಳನ್ನು 3 ಸೆಂಟಿಮೀಟರಿಗಿಂತ ಕಡಿಮೆ ತ್ರಿಜ್ಯ ಎಲ್ಲೂ ಬಾರದಂತೆ ಮತ್ತೆ ಸುತ್ತಿಟ್ಟರು. ಅವರು ಮೇಲೆ ಒಂದೊಂದು ಸುತ್ತು ಬಿಡಿಸುತ್ತಿದ್ದಂತೆ ನಾನು ಕಂಬದ ಬುಡದಲ್ಲಿ ನಿಂತು ಮೊಬೈಲಿನಲ್ಲಿ ರೂಟರಿನ ಅಂಕಿ ಓದಿ ಹೇಳುತ್ತಿದ್ದೆ. -6.4, -5.8, -4.9, -4.7. ಒಂದನೆಯ ಎಳೆಯ ಮಡಿಕೆಯಿದ್ದ ತುಂಡನ್ನು ಕತ್ತರಿಸಿ ಹೊಸದಾಗಿ ಬೆಸೆಯಲು ನಾನೇ ಕೇಳಿಕೊಂಡೆ. ನಾಲ್ಕು ದಿನ ಬಿಗಿಯಾಗಿ ಬಾಗಿ ಗಾಳಿಗೆ ತೂಗಿದ ಗಾಜಿನಲ್ಲಿ ಕಾಣದ ಸೀಳು ಹುಟ್ಟಿ ತಿಂಗಳುಗಳ ನಂತರ ಒಡೆಯಬಹುದು. ಇಂದಿನ ಆರ್‌ಎಕ್ಸ್ ಅದನ್ನು ತೋರಿಸುವುದಿಲ್ಲ. ಬೆಸೆದ ಮೇಲೆ ಅಂಕಿ -4.6.

ಕಡತ ಓದುವ ಸ್ಕ್ರಿಪ್ಟಿಗೆ ಈಗ ಎರಡು ಸಾಲು ಸೇರಿಸಿದ್ದೇನೆ. ತಯಾರಕರ -14.4 ಗಡಿಗಾಗಿ ಕಾಯದೆ, ಚೀಟಿಯ ಅಂಕಿಗಿಂತ 1.5 ಡಿಬಿ ಇಳಿದರೆ ನನಗೆ ಸಂದೇಶ ಬರುತ್ತದೆ. ಒಂದು ಗಂಟೆಯ ಒಳಗಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಅಂತರ 0.5 ಡಿಬಿ ದಾಟಿದರೆ ಬೇರೆ ಸಂದೇಶ. ಎರಡೂ ಎಲ್‌ಐಯು ಬಾಗಿಲುಗಳ ಚೀಟಿಯಲ್ಲಿ ಹಳೆಯ ಅಂಕಿಗಳ ಕೆಳಗೆ ಜುಲೈ 27ರ ಅಂಕಿಗಳನ್ನು ಬರೆದು, ಪಕ್ಕದಲ್ಲಿ ಒಂದು ಪೊಟ್ಟಣ ಕನೆಕ್ಟರ್ ಮುಚ್ಚಳಗಳನ್ನು ಕಟ್ಟಿ ಬಂದೆವು.